ವಾಪಸ್ ಬಂದ ಬಟ್ಟೆಯಿಂದ ಅಳತೆಯ ದೋಷ ಹಿಡಿಯುವ ಬಗೆ

ಆನ್‌ಲೈನ್ ಅಂಗಡಿಯಿಂದ ಕೊಂಡ ಬಟ್ಟೆಯನ್ನು ಹಿಂದಿರುಗಿಸುವಾಗ ಗ್ರಾಹಕರು ಮೊಬೈಲ್ ಪರದೆಯ ಮೇಲೆ ಒಂದು ಕಾರಣವನ್ನು ಆರಿಸಬೇಕಾಗುತ್ತದೆ. ಬಿಗಿಯಾಯಿತು, ಸಡಿಲವಾಯಿತು, ಬಣ್ಣ ಬೇರೆ ಇದೆ, ಗುಣಮಟ್ಟ ಚೆನ್ನಾಗಿಲ್ಲ, ಹರಿದಿದೆ, ಬೇರೆಯದೇ ಬಟ್ಟೆ ಬಂದಿದೆ, ಈಗ ಬೇಡ ಎನ್ನುವಂಥ ಏಳೆಂಟು ಆಯ್ಕೆಗಳು ಅಲ್ಲಿರುತ್ತವೆ. ಹಣ ವಾಪಸ್ ಪಡೆಯಲು ದಾಟಲೇಬೇಕಾದ ಒಂದು ಹಂತ ಎಂದುಕೊಂಡು ಹೆಚ್ಚಿನವರು ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಆದ್ದರಿಂದ ಒಬ್ಬರು ಕೊಟ್ಟ ಒಂದು ಕಾರಣವನ್ನು ಹಿಡಿದುಕೊಂಡು ಬಟ್ಟೆಯಲ್ಲಿ ದೋಷವಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ನೂರಾರು ಕಾರಣಗಳನ್ನು ಒಟ್ಟಿಗೆ ಇಟ್ಟು, ಅವು ಯಾವ ಅಳತೆಯಲ್ಲಿ, ಯಾವ ಬಣ್ಣದಲ್ಲಿ, ಯಾವ ಲಾಟಿನಲ್ಲಿ ಗುಂಪುಗೂಡಿವೆ ಎಂದು ನೋಡಿದರೆ ಮಾತ್ರ ದೋಷ ಹೊಲಿಗೆಯದೋ, ಕಟಿಂಗಿನದೋ, ಬಟ್ಟೆಯದೋ ಅಥವಾ ಅಳತೆಪಟ್ಟಿಯದೋ ಎಂಬುದು ತಿಳಿಯುತ್ತದೆ. ಗ್ರಾಹಕರು ಒತ್ತಿದ ಕಾರಣಕ್ಕಿಂತ ಆ ಕಾರಣ ಎಲ್ಲೆಲ್ಲಿ ಹರಡಿದೆ ಎಂಬುದೇ ಇಲ್ಲಿ ಹೆಚ್ಚು ನಂಬಬಹುದಾದ ಸಾಕ್ಷಿ.

ಮೊದಲು ಲೆಕ್ಕದಿಂದ ತೆಗೆಯಬೇಕಾದವು

ಗೋದಾಮಿಗೆ ಮರಳಿದ ಪಾರ್ಸೆಲ್ಲುಗಳೆಲ್ಲ ಒಂದೇ ಬಗೆಯವಲ್ಲ. ಭಾರತದಲ್ಲಿ ಬಟ್ಟೆ ಕೈಗೆ ಬಂದ ಮೇಲೆ ಹಣ ಕೊಡುವ ಪದ್ಧತಿ ವ್ಯಾಪಕವಾಗಿರುವುದರಿಂದ, ಬಾಗಿಲ ಬಳಿಯೇ ಬೇಡವೆಂದ ಅಥವಾ ಮನೆಯಲ್ಲಿ ಯಾರೂ ಸಿಗದೆ ಮರಳಿದ ಪಾರ್ಸೆಲ್ಲುಗಳು ಬಹಳ ಇರುತ್ತವೆ. ಅವುಗಳ ಕಟ್ಟನ್ನೇ ಯಾರೂ ಬಿಚ್ಚಿರುವುದಿಲ್ಲ, ಹಾಗಾಗಿ ಅವು ಅಳತೆಯ ಬಗ್ಗೆಯಾಗಲಿ ಗುಣಮಟ್ಟದ ಬಗ್ಗೆಯಾಗಲಿ ಏನನ್ನೂ ಹೇಳಲಾರವು. ಇವನ್ನು ಮೊದಲೇ ಬೇರೆ ಮಾಡಿ, ಗ್ರಾಹಕರು ಬಿಚ್ಚಿ ನೋಡಿ ಹಿಂದಿರುಗಿಸಿದವನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಭಾಗಿಸುವಾಗಲೂ ಕಳುಹಿಸಿದ ಪೀಸುಗಳ ಸಂಖ್ಯೆಯ ಬದಲು ನಿಜವಾಗಿ ಗ್ರಾಹಕರ ಕೈ ಸೇರಿದ ಪೀಸುಗಳ ಸಂಖ್ಯೆಯನ್ನು ಬಳಸಬೇಕು.

ಎರಡನೆಯದು, ಒಂದೇ ಉಡುಪನ್ನು ಎರಡು ಅಳತೆಗಳಲ್ಲಿ ತರಿಸಿಕೊಂಡು, ಮನೆಯಲ್ಲಿ ಹಾಕಿ ನೋಡಿ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಹಿಂದಿರುಗಿಸುವವರು. ಇವರು ಒತ್ತಿದ ‘ಬಿಗಿಯಾಯಿತು’ ಎಂಬ ಕಾರಣ ದೂರಲ್ಲ, ಎರಡರಲ್ಲಿ ಒಂದು ವಾಪಸ್ ಬರುವುದು ಮೊದಲೇ ನಿಶ್ಚಯವಾಗಿತ್ತು. ಒಂದೇ ಆರ್ಡರಿನಲ್ಲಿ ಒಂದೇ ಉಡುಪಿನ ಎರಡು ಅಳತೆಗಳಿದ್ದರೆ ಅವನ್ನು ಬೇರೆ ಸಾಲಿನಲ್ಲಿ ಬರೆದಿಡಬೇಕು. ಅವುಗಳಿಂದ ಬೇರೊಂದು ಉಪಯೋಗವಿದೆ. ಎಂ ಮತ್ತು ಎಲ್ ಎರಡನ್ನೂ ಹಾಕಿ ನೋಡಿದವರಲ್ಲಿ ಹೆಚ್ಚಿನವರು ದೊಡ್ಡದನ್ನೇ ಉಳಿಸಿಕೊಂಡಿದ್ದರೆ, ಆ ಉಡುಪು ಹೇಳಿದ ಅಳತೆಗಿಂತ ಚಿಕ್ಕದಾಗಿರಬಹುದು ಎಂಬ ಅನುಮಾನಕ್ಕೆ ಆಧಾರ ಸಿಗುತ್ತದೆ.

ಮೂರನೆಯದು ಕಾಲದ ಲೆಕ್ಕ. ಈ ವಾರ ಮಾರಾಟವಾದ ಬಟ್ಟೆ ಈ ವಾರವೇ ವಾಪಸ್ ಬರುವುದಿಲ್ಲ. ತಲುಪಲು ಕೆಲವು ದಿನ, ಹಾಕಿ ನೋಡಿ ನಿರ್ಧರಿಸಲು ಕೆಲವು ದಿನ, ಮರಳಲು ಮತ್ತೆ ಕೆಲವು ದಿನ ಬೇಕು. ಒಂದು ತಿಂಗಳ ವಾಪಸನ್ನು ಅದೇ ತಿಂಗಳ ಮಾರಾಟದಿಂದ ಭಾಗಿಸಿದರೆ, ಮಾರಾಟ ಏರುತ್ತಿರುವ ಹೊಸ ಉಡುಪು ಬಹಳ ಚೆನ್ನಾಗಿದೆ ಎಂದೂ, ಮಾರಾಟ ಇಳಿಯುತ್ತಿರುವ ಹಳೆಯ ಉಡುಪು ಕೆಟ್ಟಿದೆ ಎಂದೂ ತಪ್ಪು ಚಿತ್ರ ಮೂಡುತ್ತದೆ. ಹಬ್ಬದ ಮಾರಾಟ ಮುಗಿದ ಮೇಲಿನ ತಿಂಗಳಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಸರಿಯಾದ ಕ್ರಮವೆಂದರೆ ಒಂದು ವಾರದಲ್ಲಿ ತಲುಪಿದ ಪೀಸುಗಳನ್ನು ಒಂದು ಗುಂಪಾಗಿ ಹಿಡಿದು, ಹಿಂದಿರುಗಿಸುವ ಗಡುವು ಮುಗಿದು ಮರಳುವ ಪಾರ್ಸೆಲ್ಲುಗಳೆಲ್ಲ ಬಂದು ಸೇರುವವರೆಗೆ ಕಾದು, ಆಮೇಲೆ ಅದೇ ಗುಂಪಿನಲ್ಲಿ ಎಷ್ಟು ವಾಪಸ್ ಬಂತು ಎಂದು ನೋಡುವುದು.

ಪ್ರಶ್ನೆ ಕೇಳುವ ರೀತಿ

ಕಾರಣಗಳ ಪಟ್ಟಿ ಸರಿಯಿಲ್ಲದಿದ್ದರೆ ಎಷ್ಟು ಲೆಕ್ಕ ಹಾಕಿದರೂ ಉಪಯೋಗವಿಲ್ಲ. ‘ಅಳತೆ ಸರಿಯಾಗಲಿಲ್ಲ’ ಎಂಬ ಒಂದೇ ಆಯ್ಕೆ ಇದ್ದರೆ ಬಿಗಿಯೋ ಸಡಿಲವೋ ಎಂಬುದೇ ಗೊತ್ತಾಗುವುದಿಲ್ಲ. ಬಿಗಿಯೆಂದವರೂ ಸಡಿಲವೆಂದವರೂ ಒಂದೇ ಸಾಲಿನಲ್ಲಿ ಸೇರಿದಾಗ, ವಿರುದ್ಧ ದಿಕ್ಕಿನ ಎರಡು ದೂರುಗಳು ಒಂದೇ ದೂರಿನಂತೆ ಕಾಣುತ್ತವೆ. ಆದ್ದರಿಂದ ಪ್ರಶ್ನೆಯನ್ನು ಎರಡು ಹಂತಗಳಲ್ಲಿ ಕೇಳುವುದು ಒಳ್ಳೆಯದು. ಮೊದಲು ಬಿಗಿಯೋ, ಸಡಿಲವೋ, ಗಿಡ್ಡವೋ, ಉದ್ದವೋ ಎಂದು ಕೇಳಿ, ಆಮೇಲೆ ಎದೆ, ಸೊಂಟ, ಭುಜ, ತೋಳು ಇವುಗಳಲ್ಲಿ ಎಲ್ಲಿ ಎಂದು ಕೇಳಬೇಕು. ಅದಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರೆ ಉತ್ತರಿಸುವವರು ಬೇಸತ್ತು ಕೈಗೆ ಸಿಕ್ಕಿದ್ದನ್ನು ಒತ್ತುತ್ತಾರೆ.

ಪಟ್ಟಿಯಲ್ಲಿ ಮೊದಲು ಕಾಣುವ ಆಯ್ಕೆಗೆ ಯಾವಾಗಲೂ ಹೆಚ್ಚು ಮತ ಬೀಳುತ್ತದೆ. ಗ್ರಾಹಕರಿಂದ ಗ್ರಾಹಕರಿಗೆ ಆಯ್ಕೆಗಳ ಕ್ರಮವನ್ನು ಅದಲುಬದಲು ಮಾಡಿದರೆ ಈ ವಾಲಿಕೆ ಎಲ್ಲ ಆಯ್ಕೆಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಇನ್ನೊಂದು ವಾಲಿಕೆ ಹಣದ್ದು. ಮನಸ್ಸು ಬದಲಾಯಿತೆಂದರೆ ಸಾಗಣೆ ವೆಚ್ಚ ಕಡಿತವಾಗಿ, ದೋಷವಿದೆಯೆಂದರೆ ಪೂರ್ತಿ ಹಣ ಸಿಗುವ ನಿಯಮವಿದ್ದಲ್ಲಿ, ಒಳ್ಳೆಯ ಬಟ್ಟೆಯ ಮೇಲೂ ದೋಷದ ಆರೋಪ ಬರುತ್ತದೆ. ನಿಯಮ ಬದಲಾದ ದಿನದಿಂದಲೇ ಎಲ್ಲ ಉಡುಪುಗಳಲ್ಲೂ ಗುಣಮಟ್ಟದ ದೂರು ಒಟ್ಟಿಗೆ ಏರಿದ್ದರೆ ಅದು ಬಟ್ಟೆಯ ದೋಷವಲ್ಲ, ನಿಯಮದ ಪರಿಣಾಮ.

ಈ ಸಂದೇಹಗಳನ್ನು ಬಗೆಹರಿಸುವ ಅನುಕೂಲವೊಂದು ಬಟ್ಟೆ ವ್ಯಾಪಾರದಲ್ಲಿದೆ. ದೂರಿನ ಜೊತೆಗೆ ದೂರಿಗೆ ಗುರಿಯಾದ ವಸ್ತುವೂ ಮರಳಿ ಬಂದಿರುತ್ತದೆ. ಗೋದಾಮಿನಲ್ಲಿ ಅದನ್ನು ತಪಾಸಣೆ ಮಾಡುವವರು ತಾವು ಕಂಡದ್ದನ್ನು ಎರಡನೆಯ ಕಾರಣವಾಗಿ ಬೇರೆ ಅಂಕಣದಲ್ಲಿ ಬರೆಯಬೇಕು. ಗ್ರಾಹಕರು ‘ಹರಿದಿದೆ’ ಎಂದಿದ್ದು ತಪಾಸಣೆಯಲ್ಲಿ ಹೊಲಿಗೆ ಬಿಟ್ಟದ್ದು ಕಂಡರೆ ಅದು ಕಾರ್ಖಾನೆಯ ತಪ್ಪು. ‘ಗುಣಮಟ್ಟ ಚೆನ್ನಾಗಿಲ್ಲ’ ಎಂದಿದ್ದು ಕುತ್ತಿಗೆಯ ಬಳಿ ಪೌಡರಿನ ಗುರುತು, ಕಂಕುಳಲ್ಲಿ ಬೆವರಿನ ವಾಸನೆ ಇದ್ದರೆ ಯಾರೋ ಒಂದು ಸಮಾರಂಭಕ್ಕೆ ತೊಟ್ಟು ಹಿಂದಿರುಗಿಸಿದ್ದಾರೆ ಎಂದರ್ಥ. ಎರಡು ಅಂಕಣಗಳು ಹೊಂದುವ ದೂರುಗಳಿಗೆ ಮೊದಲ ಗಮನ ಸಲ್ಲಬೇಕು.

ಒಂದು ಕುರ್ತಿಯ ಲೆಕ್ಕ

ಈ ಓದನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು. ಅಂಗಡಿಯೂ ಅಂಕಿಗಳೂ ಕಾಲ್ಪನಿಕ, ದೋಷ ಮಾತ್ರ ಈ ವ್ಯಾಪಾರದಲ್ಲಿ ಪದೇಪದೇ ಎದುರಾಗುವಂಥದ್ದು. ಮುಕ್ಕಾಲು ತೋಳಿನ ರೇಯಾನ್ ಕುರ್ತಿಯೊಂದು ಐದು ಅಳತೆಗಳಲ್ಲಿ ಮಾರಾಟವಾಗಿದೆ. ಸಾವಿರ ಪೀಸುಗಳು ಗ್ರಾಹಕರಿಗೆ ತಲುಪಿ, ಅವುಗಳಲ್ಲಿ 216 ವಾಪಸ್ ಬಂದಿವೆ. ಒಟ್ಟು ಶೇ. 21.6 ಎಂಬ ಈ ಅಂಕಿಯಿಂದ ನಷ್ಟ ಎಷ್ಟೆಂದು ತಿಳಿಯುತ್ತದೆಯೇ ಹೊರತು ಏಕೆಂದು ತಿಳಿಯುವುದಿಲ್ಲ. ಬಿಗಿ ಮತ್ತು ಸಡಿಲ ಎಂಬ ಎರಡು ಕಾರಣಗಳನ್ನು ಅಳತೆವಾರು ಬಿಡಿಸಿದಾಗ ಹೀಗೆ ಕಾಣುತ್ತದೆ.

| ಅಳತೆ | ತಲುಪಿದ ಪೀಸು | ಬಿಗಿ ಎಂದು ವಾಪಸ್ | ಸಡಿಲ ಎಂದು ವಾಪಸ್ |
|---|---|---|---|
| ಎಸ್ | 120 | 6 | 9 |
| ಎಂ | 260 | 16 | 13 |
| ಎಲ್ | 300 | 21 | 12 |
| ಎಕ್ಸ್‌ಎಲ್ | 220 | 40 | 4 |
| ಡಬಲ್ ಎಕ್ಸ್‌ಎಲ್ | 100 | 24 | 2 |

ಬಿಗಿ ಎಂಬ ಅಂಕಣವನ್ನು ಮೇಲಿಂದ ಕೆಳಗೆ ಓದಿದರೆ ಎಲ್ ಅಳತೆಯಲ್ಲಿ 21, ಡಬಲ್ ಎಕ್ಸ್‌ಎಲ್‌ನಲ್ಲಿ 24 ಇವೆ. ಎರಡೂ ಹೆಚ್ಚುಕಡಿಮೆ ಒಂದೇ ಎನಿಸುತ್ತದೆ. ಆದರೆ ಎಲ್ ಮುನ್ನೂರು ಮಾರಾಟವಾಗಿದೆ, ಡಬಲ್ ಎಕ್ಸ್‌ಎಲ್ ಕೇವಲ ನೂರು. ಶೇಕಡಾವಾರು ತೆಗೆದಾಗ ಎಸ್‌ನಿಂದ ಎಲ್‌ವರೆಗೆ 5, 6, 7 ಎಂದು ನಿಧಾನವಾಗಿ ಏರಿದ ಪ್ರಮಾಣ ಎಕ್ಸ್‌ಎಲ್‌ನಲ್ಲಿ ಒಮ್ಮೆಲೇ 18ಕ್ಕೆ, ಡಬಲ್ ಎಕ್ಸ್‌ಎಲ್‌ನಲ್ಲಿ 24ಕ್ಕೆ ಜಿಗಿಯುತ್ತದೆ. ಎಲ್ ಮತ್ತು ಎಕ್ಸ್‌ಎಲ್ ನಡುವಿನ ಈ ಜಿಗಿತವೇ ಹುಡುಕುತ್ತಿದ್ದ ಸುಳಿವು. ಕುರ್ತಿ ಒಟ್ಟಾರೆ ಚಿಕ್ಕದಾಗಿದ್ದರೆ ಎಲ್ಲ ಅಳತೆಗಳಲ್ಲೂ ದೂರು ಹೆಚ್ಚಿರಬೇಕಿತ್ತು.

ಇಂಥ ಜಿಗಿತ ಬರಿಯ ಆಕಸ್ಮಿಕವೂ ಆಗಿರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಅದನ್ನು ಅಳೆಯಲು ಸರಳ ದಾರಿಯಿದೆ. ನಿಜವಾದ ವಾಪಸ್ ಪ್ರಮಾಣ ಶೇ. 10 ಇರುವ ಉಡುಪಿನ ನೂರು ಪೀಸುಗಳನ್ನು ನೋಡಿದಾಗ, ಬರಿಯ ಅದೃಷ್ಟದ ಏರುಪೇರಿನಿಂದಲೇ ಅದು ಸುಮಾರು 4ರಿಂದ 16ರ ನಡುವೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಇಪ್ಪತ್ತೈದೇ ಪೀಸುಗಳಾದರೆ ಈ ಓಲಾಟ ಬಹುತೇಕ ಸೊನ್ನೆಯಿಂದ 22ರವರೆಗೆ ಹಿಗ್ಗುತ್ತದೆ. ನಾನೂರು ಪೀಸುಗಳಾದರೆ 7ರಿಂದ 13ಕ್ಕೆ ಕುಗ್ಗುತ್ತದೆ. ಹತ್ತು ಪೀಸುಗಳಲ್ಲಿ ಮೂರು ವಾಪಸ್ ಬಂದವೆಂದು ಉಡುಪನ್ನು ಮಾರಾಟದಿಂದ ತೆಗೆಯುವುದು ಆತುರ. ಈ ಕುರ್ತಿಯಲ್ಲಿ ಎಕ್ಸ್‌ಎಲ್‌ನ ನಿಜ ಪ್ರಮಾಣವೂ ಎಲ್‌ನಂತೆ ಶೇ. 7 ಆಗಿದ್ದರೆ, 220 ಪೀಸುಗಳಲ್ಲಿ ಅದು 10 ಅಥವಾ 11ರ ಆಚೆ ಹೋಗುವುದು ತೀರಾ ಅಪರೂಪ. ಕಂಡಿರುವುದು 18. ಆದ್ದರಿಂದ ಇಲ್ಲಿ ಆಕಸ್ಮಿಕವನ್ನು ಬದಿಗಿಡಬಹುದು.

ಮುಂದಿನ ಸಾಕ್ಷಿ ಬದಲಿ ಕೇಳಿದವರದು. ಬಾಯಿಮಾತಿಗಿಂತ ಗ್ರಾಹಕರು ಮತ್ತೆ ಯಾವ ಅಳತೆ ಕೇಳಿದರು ಎಂಬುದು ಗಟ್ಟಿಯಾದ ಮಾಹಿತಿ, ಏಕೆಂದರೆ ಅದರ ಹಿಂದೆ ಅವರ ಹಣವಿದೆ. ಎಕ್ಸ್‌ಎಲ್ ಬಿಗಿಯೆಂದ 40 ಮಂದಿಯಲ್ಲಿ 26 ಮಂದಿ ಡಬಲ್ ಎಕ್ಸ್‌ಎಲ್ ಕೇಳಿ ಪಡೆದರು. ಅವರಲ್ಲಿ 9 ಮಂದಿ ಅದನ್ನೂ ಬಿಗಿಯೆಂದು ಹಿಂದಿರುಗಿಸಿದರು. ಒಂದು ಅಳತೆ ದೊಡ್ಡದು ತೊಟ್ಟರೂ ಬಿಗಿ ಹೋಗಲಿಲ್ಲ ಎಂದರೆ, ಆ ಎರಡು ಅಳತೆಗಳ ನಡುವೆ ಇರಬೇಕಾದ ವ್ಯತ್ಯಾಸ ಉಡುಪಿನ ಯಾವುದೋ ಒಂದು ಭಾಗದಲ್ಲಿ ಇಲ್ಲ. ಡಬಲ್ ಎಕ್ಸ್‌ಎಲ್ ಕೊಂಡವರಿಗೆ ಅದಕ್ಕಿಂತ ದೊಡ್ಡದು ಇಲ್ಲದ ಕಾರಣ ಅವರೆಲ್ಲ ಹಣ ವಾಪಸ್ ಪಡೆದಿದ್ದಾರೆ. ಬದಲಿ ಕೇಳಿದವರ ಲೆಕ್ಕವನ್ನಷ್ಟೇ ನೋಡುವ ಅಂಗಡಿಗೆ ಈ 24 ಮಂದಿ ಕಾಣಿಸುವುದೇ ಇಲ್ಲ. ಪಟ್ಟಿಯ ಎರಡು ತುದಿಯ ಅಳತೆಗಳಲ್ಲಿ ಈ ಕುರುಡುತನ ಯಾವಾಗಲೂ ಇರುತ್ತದೆ.

ಯಾವ ಭಾಗ ಎಂಬುದಕ್ಕೆ ಗ್ರಾಹಕರು ಬರೆದ ಟಿಪ್ಪಣಿಗಳನ್ನು ಓದಬೇಕು. ಎಕ್ಸ್‌ಎಲ್ ಮತ್ತು ಡಬಲ್ ಎಕ್ಸ್‌ಎಲ್‌ನ 64 ವಾಪಸುಗಳಲ್ಲಿ 31ಕ್ಕೆ ಟಿಪ್ಪಣಿ ಇತ್ತು. ಅವುಗಳಲ್ಲಿ 22 ತೋಳಿನ ಮಾತೆತ್ತಿದ್ದವು. ‘ಎದೆ ಸರಿ ಇದೆ, ತೋಳು ಟೈಟ್’, ‘ಕೈ ಎತ್ತಲು ಆಗುವುದಿಲ್ಲ’ ಎಂಬ ಬಗೆಯ ಸಾಲುಗಳು. ಇವು ಕನ್ನಡ, ಹಿಂದಿ, ಇಂಗ್ಲಿಷ್ ಬೆರೆತು, ಬಹಳ ಸಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವಾಗಿರುತ್ತವೆ. ಯಂತ್ರದಿಂದ ಪದ ಹುಡುಕಿಸಿದರೆ ಅರ್ಧ ತಪ್ಪಿಹೋಗುತ್ತದೆ. ಮೂವತ್ತು ನಲವತ್ತು ಟಿಪ್ಪಣಿಗಳನ್ನು ಒಬ್ಬರು ಕೂತು ಓದಿ ಗುರುತು ಹಾಕಿಕೊಳ್ಳುವುದೇ ಸುಲಭ.

ಟೇಪು ಹಿಡಿದು ನೋಡುವುದು

ಇಲ್ಲಿಯವರೆಗಿನದೆಲ್ಲ ಅನುಮಾನ. ಅದನ್ನು ಖಚಿತಪಡಿಸುವುದು ಅಳತೆಯ ಟೇಪು. ದೂರು ಬಂದ ಅಳತೆಗಳಿಂದಲೂ ದೂರಿಲ್ಲದ ಅಳತೆಗಳಿಂದಲೂ ಐದೈದು ಪೀಸುಗಳನ್ನು ತೆಗೆದು, ವಾಪಸ್ ಬಂದವು ಒಂದಿಷ್ಟು, ಮಾರಾಟವಾಗದೆ ಕಪಾಟಿನಲ್ಲಿರುವವು ಒಂದಿಷ್ಟು ಇರುವಂತೆ ನೋಡಿಕೊಂಡು ಅಳೆಯಬೇಕು. ಕುರ್ತಿಯನ್ನು ಮೇಜಿನ ಮೇಲೆ ಎಳೆಯದೆ, ಸುಕ್ಕಿಲ್ಲದಂತೆ ಹರಡಿ, ಕಂಕುಳಿನಿಂದ ಒಂದು ಇಂಚು ಕೆಳಗೆ ಅಡ್ಡಲಾಗಿ ಅಳೆದು ಎರಡರಿಂದ ಗುಣಿಸಿದರೆ ಎದೆಯ ಸುತ್ತಳತೆ ಸಿಗುತ್ತದೆ. ತೋಳಿನ ದಪ್ಪ ಭಾಗವನ್ನೂ ಕಂಕುಳಿನಿಂದ ಒಂದು ಇಂಚು ಕೆಳಗೆ ಹಾಗೆಯೇ ಅಳೆಯಬೇಕು. ಅಳೆಯುವ ಜಾಗ ಪೀಸಿನಿಂದ ಪೀಸಿಗೆ ಬದಲಾದರೆ ಅರ್ಧ ಇಂಚಿನ ವ್ಯತ್ಯಾಸ ಅಲ್ಲಿಯೇ ಹುಟ್ಟಿಕೊಳ್ಳುತ್ತದೆ.

ಈ ಕುರ್ತಿಯಲ್ಲಿ ಎದೆಯ ಸುತ್ತಳತೆ ಎಲ್ಲ ಅಳತೆಗಳಲ್ಲೂ ಸರಿಯಾಗಿತ್ತು. ಎಸ್‌ಗೆ 38 ಇಂಚು, ಅಲ್ಲಿಂದ ಅಳತೆಗೆ ಎರಡೆರಡು ಇಂಚು ಏರಿ ಡಬಲ್ ಎಕ್ಸ್‌ಎಲ್‌ಗೆ 46. ತೋಳಿನ ಸುತ್ತಳತೆ ಎಸ್‌ನಲ್ಲಿ ಹನ್ನೆರಡೂವರೆ, ಎಂನಲ್ಲಿ ಹದಿಮೂರೂಕಾಲು, ಎಲ್‌ನಲ್ಲಿ ಹದಿನಾಲ್ಕು ಇಂಚು ಇತ್ತು. ಅಂದರೆ ಅಳತೆಗೆ ಮುಕ್ಕಾಲು ಇಂಚಿನ ಏರಿಕೆ. ಅದೇ ಕ್ರಮದಲ್ಲಿ ಎಕ್ಸ್‌ಎಲ್ ಹದಿನಾಲ್ಕೂಮುಕ್ಕಾಲು, ಡಬಲ್ ಎಕ್ಸ್‌ಎಲ್ ಹದಿನೈದೂವರೆ ಇರಬೇಕಿತ್ತು. ಆದರೆ ಸಿಕ್ಕಿದ್ದು ಹದಿನಾಲ್ಕೂಕಾಲು ಮತ್ತು ಹದಿನಾಲ್ಕೂವರೆ. ಎಲ್ ಆದ ಮೇಲೆ ತೋಳು ಬರಿಯ ಕಾಲು ಇಂಚಿನಂತೆ ಬೆಳೆದಿದೆ. ಎಕ್ಸ್‌ಎಲ್‌ನಲ್ಲಿ ಅರ್ಧ ಇಂಚು, ಡಬಲ್ ಎಕ್ಸ್‌ಎಲ್‌ನಲ್ಲಿ ಪೂರ್ತಿ ಒಂದು ಇಂಚು ಕಡಿಮೆ. ಹಿಗ್ಗದ ನೇಯ್ಗೆಯ ರೇಯಾನಿನಲ್ಲಿ ಅಷ್ಟು ಕೊರತೆ ತೋಳನ್ನು ಹಿಡಿದು ಬಿಗಿಯಲು ಸಾಕು.

ಇದಕ್ಕೆ ಕಾರಣ ಗ್ರೇಡಿಂಗ್. ಒಂದು ಉಡುಪನ್ನು ಎಂ ಅಥವಾ ಎಲ್ ಅಳತೆಯಲ್ಲಿ ರೂಪಿಸಿ, ಮೈಮೇಲೆ ತೊಡಿಸಿ ಸರಿಮಾಡಿಕೊಳ್ಳುತ್ತಾರೆ. ಉಳಿದ ಅಳತೆಗಳ ಪ್ಯಾಟರ್ನನ್ನು ಅದರಿಂದ ಹಿಗ್ಗಿಸಿ ಕುಗ್ಗಿಸಿ ತಯಾರಿಸುತ್ತಾರೆ. ಇದನ್ನೇ ಗ್ರೇಡಿಂಗ್ ಎನ್ನುವುದು. ಮಧ್ಯದ ಅಳತೆಯನ್ನು ಮಾತ್ರ ತೊಡಿಸಿ ನೋಡಿದಾಗ ತುದಿಯ ಅಳತೆಗಳ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಅಳತೆಪಟ್ಟಿಯಲ್ಲಿ ಎದೆ, ಸೊಂಟ, ಉದ್ದ ಮಾತ್ರ ಇದ್ದು ತೋಳಿನ ಸುತ್ತಳತೆ ಇರಲಿಲ್ಲವಾದ್ದರಿಂದ, ಎಷ್ಟು ಎಚ್ಚರಿಕೆಯಿಂದ ಆರಿಸಿದರೂ ಗ್ರಾಹಕರಿಗೆ ಇದು ತಿಳಿಯುವಂತಿರಲಿಲ್ಲ.

ಬೇರೆ ಬೇರೆ ದೋಷಗಳ ಗುರುತು

ದೂರುಗಳು ಹರಡುವ ರೀತಿ ದೋಷದಿಂದ ದೋಷಕ್ಕೆ ಬೇರೆಯಾಗುತ್ತದೆ. ತುದಿಯ ಅಳತೆಗಳಲ್ಲಿ ಮಾತ್ರ ದೂರು ಏರಿದರೆ ಗ್ರೇಡಿಂಗ್ ತಪ್ಪು. ಎಲ್ಲ ಅಳತೆಗಳಲ್ಲೂ, ಎಲ್ಲ ಲಾಟುಗಳಲ್ಲೂ ಒಂದೇ ದಿಕ್ಕಿನ ದೂರಿದ್ದರೆ ಅಳತೆಪಟ್ಟಿಯೇ ಉಡುಪಿಗೆ ಹೊಂದುತ್ತಿಲ್ಲ. ಬೇರೆ ದೇಶದ ಮೈಕಟ್ಟಿಗೆ ಮಾಡಿದ ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡಾಗ ಇದು ಸಾಮಾನ್ಯ. ಭಾರತದ ಬಟ್ಟೆ ಉದ್ಯಮ ಬಹುಕಾಲ ಅಮೆರಿಕ, ಬ್ರಿಟನ್ನಿನ ಅಳತೆಗಳನ್ನೇ ತಿದ್ದಿ ಬಳಸಿದೆ. ಈ ಕೊರತೆ ನೀಗಿಸಲೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಕೇಂದ್ರ ಜವಳಿ ಸಚಿವಾಲಯದ ಬೆಂಬಲದಿಂದ ಇಂಡಿಯಾಸೈಜ್ ಎಂಬ ಸಮೀಕ್ಷೆಯನ್ನು ಕೈಗೊಂಡಿತು. ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000ಕ್ಕೂ ಹೆಚ್ಚು ಜನರ ಮೈಯಳತೆಯನ್ನು ತ್ರಿಆಯಾಮದ ಸ್ಕ್ಯಾನರುಗಳಿಂದ ತೆಗೆಯುವುದು ಅದರ ಯೋಜನೆ.

ಒಂದೇ ಲಾಟಿನ ಎಲ್ಲ ಅಳತೆಗಳೂ ಬಿಗಿಯಾಗಿ ಬೇರೆ ಲಾಟುಗಳು ಸರಿಯಿದ್ದರೆ ಬಟ್ಟೆಯ ಥಾನಿನ ಮೇಲೆ ಸಂಶಯ ಹೋಗಬೇಕು. ಕತ್ತರಿಸಿದ ನಂತರ ಬಟ್ಟೆ ಕುಗ್ಗಿರಬಹುದು. ಯಂತ್ರದಲ್ಲಿ ಎಳೆದು ಸುತ್ತಿದ ಹೆಣಿಗೆ ಬಟ್ಟೆಯನ್ನು ಬಿಚ್ಚಿ ಒಂದು ದಿನವಾದರೂ ಹಾಗೆಯೇ ಬಿಡದೆ ಕತ್ತರಿಸಿದರೆ, ಹೊಲಿದ ಮೇಲೆ ಅದು ತನ್ನ ಸಹಜ ಅಳತೆಗೆ ಮರಳುತ್ತದೆ. ಒಂದೇ ಲಾಟಿನಲ್ಲಿ ಪಕ್ಕಪಕ್ಕದ ಎರಡು ಅಳತೆಗಳಲ್ಲಿ ಒಂದು ಬಿಗಿ, ಇನ್ನೊಂದು ಸಡಿಲ ಎಂಬ ದೂರು ಒಟ್ಟಿಗೆ ಏರಿದರೆ ಲೇಬಲ್ ಅದಲುಬದಲಾಗಿರುವ ಸಾಧ್ಯತೆ ದೊಡ್ಡದು. ಎಂ ಕಟ್ಟಿಗೆ ಎಲ್ ಚೀಟಿ, ಎಲ್ ಕಟ್ಟಿಗೆ ಎಂ ಚೀಟಿ ಹೊಲಿದಿರುತ್ತಾರೆ. ಈ ದೋಷವನ್ನು ನಿಮಿಷದಲ್ಲಿ ಅಳೆದು ತಿಳಿಯಬಹುದು. ಯಾವ ಅಳತೆಯಲ್ಲೂ ಗುಂಪಾಗದೆ ಬಿಗಿ ಸಡಿಲ ಎರಡೂ ಎಲ್ಲೆಡೆ ಹೆಚ್ಚಿದ್ದರೆ ಹೊಲಿಗೆಯಲ್ಲಿ ತಪ್ಪಿಲ್ಲದೆ ಇರಬಹುದು. ಫೋಟೋದಲ್ಲಿ ಮೈಗೆ ಅಂಟಿದಂತೆ ಕಾಣುವ ಉಡುಪು ನಿಜದಲ್ಲಿ ಸಡಿಲ ವಿನ್ಯಾಸದ್ದಾಗಿದ್ದರೆ, ಕೊಳ್ಳುವವರು ಯಾವ ಅಳತೆ ಆರಿಸಬೇಕೆಂದು ತಿಳಿಯದೆ ತಪ್ಪುತ್ತಾರೆ.

ಗುಣಮಟ್ಟದ ದೂರನ್ನೂ ಹೀಗೆಯೇ ಬಿಡಿಸಬಹುದು. ಅದೇ ಕುರ್ತಿಯ ಮರೂನ್ ಬಣ್ಣದಲ್ಲಿ ಮೊದಲ ಲಾಟಿನ ಗುಣಮಟ್ಟದ ದೂರು ಶೇ. 4 ಇದ್ದು ಎರಡನೆಯ ಲಾಟಿನಲ್ಲಿ 13ಕ್ಕೆ ಏರಿತು, ಅದೇ ಲಾಟಿನ ಕಡುನೀಲಿಯಲ್ಲಿ ಏನೂ ಬದಲಾಗಲಿಲ್ಲ ಎಂದು ಭಾವಿಸೋಣ. ಹೊಲಿಗೆ ಕೆಟ್ಟಿದ್ದರೆ ಎರಡೂ ಬಣ್ಣಗಳಲ್ಲಿ ದೂರು ಬರಬೇಕಿತ್ತು. ಒಂದೇ ಬಣ್ಣದಲ್ಲಿ ಮಾತ್ರ ಬಂದಿರುವುದರಿಂದ ತಪ್ಪು ಡೈಯಿಂಗಿನದು. ಬಿಳಿ ಹತ್ತಿಯ ಚೂರೊಂದನ್ನು ಒಮ್ಮೆ ಒಣದಾಗಿ, ಒಮ್ಮೆ ನೀರಿನಲ್ಲಿ ಅದ್ದಿ ಹಿಂಡಿ, ಕುರ್ತಿಯ ಮೇಲೆ ಹತ್ತು ಸಲ ಉಜ್ಜಿದರೆ ಎರಡು ಲಾಟುಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪ್ರಯೋಗಾಲಯದಲ್ಲಿ ಇದನ್ನೇ ನಿಗದಿತ ಒತ್ತಡದ ಯಂತ್ರದಲ್ಲಿ ಮಾಡಿ, ಬಿಳಿ ಬಟ್ಟೆಗೆ ಹತ್ತಿದ ಬಣ್ಣವನ್ನು 1ರಿಂದ 5ರವರೆಗಿನ ಅಳತೆಗೋಲಿಗೆ ಹೋಲಿಸುತ್ತಾರೆ. 5 ಎಂದರೆ ಬಣ್ಣ ಹತ್ತಿಲ್ಲ, 1 ಎಂದರೆ ಬಹಳ ಹತ್ತಿದೆ. ಹಾಗೆಯೇ ‘ಬಣ್ಣ ಬೇರೆ’ ಎಂಬ ದೂರು ಎಲ್ಲ ಲಾಟುಗಳಲ್ಲೂ ಒಂದೇ ಬಣ್ಣಕ್ಕೆ ಬರುತ್ತಿದ್ದರೆ ಫೋಟೋವನ್ನು ಮತ್ತೆ ತೆಗೆಯಬೇಕು. ಒಂದೇ ಲಾಟಿಗೆ ಬಂದರೆ ಬಣ್ಣದ ತೊಟ್ಟಿಯಲ್ಲಿ ಛಾಯೆ ಬದಲಾಗಿದೆ.

ಇವೆಲ್ಲಕ್ಕೂ ಒಂದು ಷರತ್ತಿದೆ. ಯಾವ ಪೀಸು ಯಾವ ಲಾಟಿನದು ಎಂದು ಗೊತ್ತಿರಬೇಕು. ಬಹಳಷ್ಟು ಅಂಗಡಿಗಳಲ್ಲಿ ಬಾರ್‌ಕೋಡು ವಿನ್ಯಾಸ, ಬಣ್ಣ, ಅಳತೆಗಳನ್ನು ಮಾತ್ರ ಗುರುತಿಸುತ್ತದೆ. ಮೊದಲ ಲಾಟೂ ಮೂರನೆಯ ಲಾಟೂ ಒಂದೇ ಕಪಾಟಿನಲ್ಲಿ ಬೆರೆತು ಹೋಗುತ್ತವೆ. ಒಳಗಿನ ಒಗೆತದ ಲೇಬಲ್ಲಿನ ಮೇಲೆ ಎರಡು ಮೂರು ಅಕ್ಷರಗಳ ಲಾಟ್ ಗುರುತು ಮುದ್ರಿಸಿ, ವಾಪಸ್ ಬಂದಾಗ ತಪಾಸಣೆಯವರು ಅದನ್ನು ಬರೆದುಕೊಂಡರೆ ಈ ತೊಡಕು ಬಗೆಹರಿಯುತ್ತದೆ. ಪ್ರತಿ ಲಾಟಿನಿಂದ ಎಷ್ಟು ಪೀಸು ಹೊರಹೋಗಿವೆ ಎಂಬುದು ತಿಳಿಯಲು ಪ್ಯಾಕ್ ಮಾಡುವಾಗಲೂ ಅದೇ ಗುರುತನ್ನು ಬರೆದಿಡಬೇಕು.

ಸರಿಪಡಿಸಿದ ಮೇಲೆ

ದೋಷ ಎಲ್ಲಿದೆ ಎಂಬುದರ ಮೇಲೆ ಪರಿಹಾರ ನಿಂತಿದೆ. ಉಡುಪು ಎಲ್ಲ ಅಳತೆಗಳಲ್ಲೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗಿದ್ದರೆ ಅಳತೆಪಟ್ಟಿಯನ್ನು ತಿದ್ದಿ, ‘ಒಂದು ಅಳತೆ ದೊಡ್ಡದು ಕೊಳ್ಳಿ’ ಎಂದು ಬರೆದರೆ ಸಾಕು. ಬರ್ಲಿನ್ನಿನ ಜಾಲಾಂಡೋ ಕಂಪನಿಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಸೈಜ್‌ಫ್ಲ್ಯಾಗ್ಸ್ ಎಂಬ ವಿಧಾನ ಈ ಬಗೆಯದು. ವಾಪಸುಗಳ ಮಾಹಿತಿಯಿಂದ ಯಾವ ಉಡುಪು ಸಾಮಾನ್ಯಕ್ಕಿಂತ ಚಿಕ್ಕದು, ಯಾವುದು ದೊಡ್ಡದು ಎಂದು ಗುರುತಿಸಿ ಕೊಳ್ಳುವವರಿಗೆ ಮೊದಲೇ ಸೂಚನೆ ಕೊಡುತ್ತದೆ. ಆದರೆ ಮೇಲಿನ ಕುರ್ತಿಗೆ ಅಂಥ ಸೂಚನೆ ಹೊಂದುವುದಿಲ್ಲ. ದೊಡ್ಡದು ಕೊಂಡರೆ ಎದೆ ಎರಡು ಇಂಚು ಸಡಿಲವಾಗುತ್ತದೆ, ತೋಳು ಕಾಲು ಇಂಚು ಮಾತ್ರ ಹಿಗ್ಗುತ್ತದೆ.

ಉಳಿದ ಸರಕಿನಲ್ಲಿ ಎಕ್ಸ್‌ಎಲ್ ತೋಳಿನ ಹೊಲಿಗೆ ಬಿಚ್ಚಿ, ಎರಡೂ ಕಡೆ ಕಾಲಿಂಚು ಮಾರ್ಜಿನ್ ಬಿಟ್ಟರೆ ಬೇಕಾದ ಅರ್ಧ ಇಂಚು ಸಿಗುತ್ತದೆ. ಡಬಲ್ ಎಕ್ಸ್‌ಎಲ್‌ಗೆ ಎರಡೂ ಕಡೆ ಅರ್ಧರ್ಧ ಇಂಚು ಬೇಕು. ಓವರ್‌ಲಾಕ್ ಹಾಕಿ ಅಂಚು ಕತ್ತರಿಸಿದ ಹೊಲಿಗೆಯಲ್ಲಿ ಅಷ್ಟು ಬಟ್ಟೆ ಉಳಿದಿರುವುದಿಲ್ಲ. ಆ ಪೀಸುಗಳನ್ನು ತೋಳಿನ ನಿಜವಾದ ಸುತ್ತಳತೆ ಬರೆದೇ ಮಾರಬೇಕು. ಮುಂದಿನ ಲಾಟಿಗೆ ತೋಳಿನ ಪ್ಯಾಟರ್ನನ್ನು ತಿದ್ದಿ, ಮಧ್ಯದ ಅಳತೆಯ ಜೊತೆಗೆ ತುದಿಯ ಅಳತೆಗಳನ್ನೂ ಮೈಮೇಲೆ ತೊಡಿಸಿ ನೋಡಿದ ನಂತರವೇ ಕಟಿಂಗಿಗೆ ಒಪ್ಪಿಗೆ ಕೊಡಬೇಕು.

ತಿದ್ದುಪಡಿ ಫಲ ಕೊಟ್ಟಿತೇ ಎಂಬುದನ್ನು ಒಟ್ಟು ವಾಪಸ್ ಪ್ರಮಾಣದಿಂದ ತಿಳಿಯಲಾಗದು, ಏಕೆಂದರೆ ಹಬ್ಬ, ರಿಯಾಯಿತಿ, ಹೊಸ ಗ್ರಾಹಕರು ಹೀಗೆ ಬೇರೆ ಕಾರಣಗಳಿಂದಲೂ ಅದು ಏರಿಳಿಯುತ್ತದೆ. ಹೊಸ ಲಾಟಿನ ಎಕ್ಸ್‌ಎಲ್ ಮತ್ತು ಡಬಲ್ ಎಕ್ಸ್‌ಎಲ್‌ನ ಬಿಗಿ ಎಂಬ ದೂರನ್ನು ಅದೇ ಲಾಟಿನ ಎಲ್ ಜೊತೆ ಹೋಲಿಸಬೇಕು. ಹೊಸ ಲಾಟಿನಲ್ಲಿ 180 ಎಕ್ಸ್‌ಎಲ್ ತಲುಪಿ 13 ಬಿಗಿಯೆಂದು ಬಂದಿದ್ದರೆ ಪ್ರಮಾಣ ಶೇ. 7ರ ಆಸುಪಾಸಿಗೆ ಇಳಿದು ಎಲ್‌ಗೆ ಸಮನಾಗಿದೆ. ಜಿಗಿತ ಅಳಿಸಿಹೋದರೆ ಕಾರಣ ತೋಳೇ ಆಗಿತ್ತು ಎಂಬುದು ಖಚಿತ. ಅಳಿಸದಿದ್ದರೆ ಭುಜವನ್ನೂ ಕಂಕುಳಿನ ಸುತ್ತಳತೆಯನ್ನೂ ಅಳೆಯಬೇಕು.

ವಾಪಸಿನಲ್ಲಿ ಕಾಣದ ದೋಷಗಳು

ವಾಪಸ್ ಬಂದ ಬಟ್ಟೆ ಎಲ್ಲವನ್ನೂ ಹೇಳಲಾರದು. ಹಿಂದಿರುಗಿಸಲು ಸಿಗುವುದು ಕೆಲವೇ ದಿನ, ಅದೂ ಟ್ಯಾಗ್ ಕೀಳದೆ, ಒಗೆಯದೆ. ಆದ್ದರಿಂದ ಒಗೆದ ಮೇಲೆ ಹೊರಬೀಳುವ ದೋಷಗಳು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಕುಗ್ಗುವಿಕೆ ಇದರಲ್ಲಿ ಮುಖ್ಯವಾದದ್ದು. 40 ಇಂಚಿನ ಎದೆಯ ಕುರ್ತಿ ಶೇ. 5 ಕುಗ್ಗಿದರೆ 38 ಆಗುತ್ತದೆ, ಅಂದರೆ ಪೂರ್ತಿ ಒಂದು ಅಳತೆ ಚಿಕ್ಕದಾದಂತೆ. ತೊಟ್ಟು ನೋಡಿದಾಗ ಸರಿಯಿದ್ದು, ಉಳಿಸಿಕೊಂಡು, ಎರಡು ಸಲ ಒಗೆದ ಮೇಲೆ ಬಿಗಿಯಾದ ಉಡುಪು ಅಂಗಡಿಯ ಲೆಕ್ಕದಲ್ಲಿ ಯಶಸ್ವಿ ಮಾರಾಟವಾಗಿಯೇ ಉಳಿಯುತ್ತದೆ. ಇದಕ್ಕೆ ಪ್ರತಿ ಲಾಟಿನ ಒಂದೆರಡು ಪೀಸುಗಳ ಮೇಲೆ 50 ಸೆಂಟಿಮೀಟರ್ ಗುರುತು ಹಾಕಿ, ಮೂರು ಸಲ ಒಗೆದು ಒಣಗಿಸಿ ಮತ್ತೆ ಅಳೆಯುವುದೊಂದೇ ದಾರಿ. ಎರಡೂವರೆ ಸೆಂಟಿಮೀಟರ್ ಕಡಿಮೆಯಾದರೆ ಶೇ. 5 ಕುಗ್ಗಿದೆ ಎಂದರ್ಥ.

ಕಡಿಮೆ ಬೆಲೆಯ ಬಟ್ಟೆಯನ್ನು ಹಿಂದಿರುಗಿಸುವ ಗೋಜಿಗೆ ಹೋಗದೆ ಸುಮ್ಮನಾಗುವವರೂ ಇದ್ದಾರೆ. ಮುನ್ನೂರು ರೂಪಾಯಿಯ ಟಾಪಿನ ವಾಪಸ್ ಪ್ರಮಾಣ ಎರಡು ಸಾವಿರದ ಉಡುಪಿಗಿಂತ ಕಡಿಮೆಯಿದ್ದ ಮಾತ್ರಕ್ಕೆ ಅದರ ಗುಣಮಟ್ಟ ಮೇಲು ಎನ್ನಲಾಗದು. ಅಂಥ ಉಡುಪುಗಳನ್ನು ಅವುಗಳ ಬೆಲೆಯ ಆಸುಪಾಸಿನವುಗಳ ಜೊತೆಗೇ ಹೋಲಿಸಬೇಕು. ತಿಂಗಳು ಕಳೆದ ಮೇಲೆ ಬರೆದ ವಿಮರ್ಶೆಗಳು, ಗಡುವು ಮೀರಿದ ಬಳಿಕ ಬಂದ ಕರೆಗಳು, ಆ ಉಡುಪು ಕೊಂಡವರಲ್ಲಿ ಮತ್ತೆ ಕೊಳ್ಳಲು ಬಂದವರ ಪ್ರಮಾಣ, ಈ ಮೂರನ್ನು ವಾಪಸಿನ ಲೆಕ್ಕದ ಪಕ್ಕದಲ್ಲಿಟ್ಟು ಓದಿದಾಗ ಕಾಣದೆ ಉಳಿದ ದೋಷಗಳ ಬಹುಪಾಲು ಹೊರಬರುತ್ತದೆ.